ಗಂಟಲಲ್ಲಿ ಒಂದೇ ಕಡೆ ನೋವು, ಬಾಯಿ ತೆರೆಯಲು ಆಗುತ್ತಿಲ್ಲ: ಟಾನ್ಸಿಲ್ ಹಿಂದೆ ಕೀವು ಕಟ್ಟಿದಾಗ

(ಸಾರ್ವಜನಿಕ ಆರೋಗ್ಯ ಉಪನ್ಯಾಸವೊಂದರ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಗಂಟಲು ನೋವು ಬರದವರು ಈ ಸಭೆಯಲ್ಲಿ ಯಾರೂ ಇರಲಾರರು. ಹೆಚ್ಚಿನವು ಸುಮ್ನೆ ಉಪ್ಪುನೀರು ಮುಕ್ಕಳಿಸಿ, ನಾಲ್ಕು ದಿನ ತಡೆದುಕೊಂಡರೆ ಹೋಗುತ್ತವೆ. ನಾನು ಇವತ್ತು ಮಾತಾಡುವುದು ಹಾಗೆ ಹೋಗದ ಒಂದು ಗಂಟಲು ನೋವಿನ ಬಗ್ಗೆ ಮಾತ್ರ. ಅದು ಟಾನ್ಸಿಲ್ ಪಕ್ಕದಲ್ಲಿ ಕೀವು ಕಟ್ಟಿಕೊಳ್ಳುವ ಕಾಯಿಲೆ. ಇಂಗ್ಲಿಷ್‌ನಲ್ಲಿ ಇದಕ್ಕೆ ಕ್ವಿನ್ಸಿ ಅನ್ನುತ್ತಾರೆ, ನಿಮ್ಮ ಡಿಸ್ಚಾರ್ಜ್ ಚೀಟಿಯಲ್ಲಿ ಪೆರಿಟಾನ್ಸಿಲರ್ ಆಬ್ಸೆಸ್ ಅಂತ ಬರೆದಿರುತ್ತದೆ.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ನಾನು ನೋಡಿದ ಹಲವರನ್ನು ಸೇರಿಸಿ ಮಾಡಿದ ಕಥೆ ಇದು, ಯಾರೋ ಒಬ್ಬರದ್ದಲ್ಲ. ವಯಸ್ಸು ಇಪ್ಪತ್ನಾಲ್ಕು, ಮೊಬೈಲ್ ಅಂಗಡಿಯಲ್ಲಿ ಕೆಲಸ, ದಿನಕ್ಕೆ ನಾಲ್ಕೈದು ಸಿಗರೇಟು. ಸೋಮವಾರ ಗಂಟಲು ನೋವು ಶುರುವಾಯಿತು, ಎರಡೂ ಕಡೆ. ಜ್ವರ ಬಂತು. ಮೆಡಿಕಲ್ ಶಾಪಿನಲ್ಲಿ ಹೇಳಿದ, ಅವರು ಮೂರು ದಿನದ ಅಜಿಥ್ರೊಮೈಸಿನ್ ಮತ್ತು ನೋವಿನ ಮಾತ್ರೆ ಕೊಟ್ಟರು. ಬುಧವಾರ ಸ್ವಲ್ಪ ವಾಸಿ ಅನ್ನಿಸಿತು, ಕೆಲಸಕ್ಕೂ ಹೋದ. ಗುರುವಾರ ರಾತ್ರಿ ನೋವು ಮತ್ತೆ ಬಂತು. ಈ ಸಲ ಎಡಗಡೆ ನೋವೇ ಇಲ್ಲ, ಎಲ್ಲಾ ಬಲಗಡೆ. ಬಲ ಕಿವಿಯೊಳಗೂ ಚುಚ್ಚುವ ನೋವು. ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜಲು ಬ್ರಷ್ ಬಾಯೊಳಗೆ ಹೋಗಲಿಲ್ಲ. ಊರಿಂದ ಅಮ್ಮ ಫೋನ್ ಮಾಡಿದಾಗ "ಯಾರಪ್ಪಾ ನೀನು, ನಮ್ಮ ಹುಡುಗನಿಗೆ ಕೊಡು" ಅಂದರಂತೆ. ಶನಿವಾರ ಕ್ಲಿನಿಕ್ಕಿಗೆ ಬಂದಾಗ ಅವನ ಕೈಯಲ್ಲಿ ಒಂದು ಟವೆಲ್ ಇತ್ತು. ಉಗುಳು ನುಂಗಲು ಆಗದೆ ಅದರಲ್ಲೇ ಒರೆಸಿಕೊಳ್ಳುತ್ತಿದ್ದ.

ಈ ಕಥೆಯಲ್ಲಿ ನನಗೆ ಮುಖ್ಯವಾದ ದಿನ ಗುರುವಾರ. ಎರಡೂ ಕಡೆ ಇದ್ದ ನೋವು ಒಂದೇ ಕಡೆಗೆ ಬಂದ ದಿನ ಅದು. ವೈರಸ್‌ನಿಂದ ಬರುವ ಗಂಟಲು ನೋವು ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ, ಜೊತೆಗೆ ಮೂಗು ಸೋರುತ್ತದೆ, ಕೆಮ್ಮು ಇರುತ್ತದೆ, ದಿನ ಕಳೆದ ಹಾಗೆ ಕಡಿಮೆಯಾಗುತ್ತದೆ. ಇದು ಹಾಗಲ್ಲ. ಸ್ವಲ್ಪ ವಾಸಿಯಾಗಿ ಮತ್ತೆ ಏರುತ್ತದೆ, ಏರುವಾಗ ಒಂದು ಪಕ್ಕ ಹಿಡಿಯುತ್ತದೆ. ಅವತ್ತೇ ಅವನು ಬಂದಿದ್ದರೆ ಬಹುಶಃ ಕೀವು ಪೂರ್ತಿ ಕಟ್ಟಿರುತ್ತಿರಲಿಲ್ಲ. ಸರಿಯಾದ ಆಂಟಿಬಯಾಟಿಕ್‌ನಲ್ಲೇ ಮುಗಿಯುವ ಸಾಧ್ಯತೆ ಇತ್ತು.

ಈಗ ಒಳಗೆ ಏನಾಗಿದೆ ಅಂತ ನೋಡೋಣ. ಬಾಯಿ ತೆರೆದರೆ ಗಂಟಲಿನ ಎರಡೂ ಬದಿಯಲ್ಲಿ ಟಾನ್ಸಿಲ್ ಕಾಣುತ್ತದೆ. ಟಾನ್ಸಿಲ್‌ಗೆ ಹೊರಗಡೆಯಿಂದ ಒಂದು ಗಟ್ಟಿ ಪೊರೆ ಇದೆ. ಆ ಪೊರೆಯ ಆಚೆಗೆ ಗಂಟಲಿನ ಗೋಡೆಯ ಸ್ನಾಯು. ಇವೆರಡರ ನಡುವೆ ಸಡಿಲವಾದ ಒಂದು ಜಾಗ ಇದೆ, ಸೋಂಕು ಇಲ್ಲಿಗೆ ಇಳಿದರೆ ಮೊದಲು ಊತ, ಒಂದೆರಡು ದಿನದಲ್ಲಿ ಕೀವು. ಹೆಚ್ಚಾಗಿ ಕೀವು ಸೇರುವುದು ಟಾನ್ಸಿಲ್‌ನ ಮೇಲ್ತುದಿಯ ಹತ್ತಿರ. ಹಾಗಾಗಿ ಆ ಕಡೆಯ ಮೆತ್ತನೆಯ ಅಂಗುಳು ಉಬ್ಬಿ ಕೆಳಗೆ ಇಳಿಯುತ್ತದೆ, ಟಾನ್ಸಿಲ್ ಒಳಕ್ಕೂ ಕೆಳಕ್ಕೂ ತಳ್ಳಿಸಿಕೊಳ್ಳುತ್ತದೆ, ನಡುವೆ ನೇರ ಇರಬೇಕಾದ ಕಿರುನಾಲಿಗೆ ಎದುರು ಬದಿಗೆ ವಾಲುತ್ತದೆ. ನಮ್ಮ ಹುಡುಗನಿಗೆ ಬಲಗಡೆ ಕೀವು, ಕಿರುನಾಲಿಗೆ ಎಡಕ್ಕೆ ಹೋಗಿತ್ತು. ಟಾನ್ಸಿಲ್ ಮೇಲಿನ ಬಿಳಿ ಚುಕ್ಕೆಯನ್ನೇ ಕೀವಿನ ಗಡ್ಡೆ ಅಂದುಕೊಂಡು ಹೆದರಿ ಬರುವವರು ಜಾಸ್ತಿ. ಆ ಚುಕ್ಕೆಗಳು ಸಾಮಾನ್ಯ ಟಾನ್ಸಿಲ್ ಸೋಂಕಿನಲ್ಲೂ ಇರುತ್ತವೆ. ಈ ಕೀವು ಅಡಗಿರುವುದು ಹಿಂದೆ, ಕಣ್ಣಿಗೆ ಬೀಳುವುದು ಉಬ್ಬು ಮಾತ್ರ.

ಬಾಯಿ ಯಾಕೆ ತೆರೆಯುವುದಿಲ್ಲ? ಕೆಳದವಡೆಯನ್ನು ಮೇಲಕ್ಕೆ ಎಳೆದು ಬಾಯಿ ಮುಚ್ಚಿಸುವ ಒಂದು ಸ್ನಾಯು ಈ ಜಾಗಕ್ಕೆ ತೀರಾ ಹತ್ತಿರ ಇದೆ. ಪಕ್ಕದಲ್ಲಿ ಉರಿಯೂತ ಆದಾಗ ಅದು ಬಿಗಿದುಕೊಂಡು ಬಿಡುತ್ತದೆ. ನಿಮ್ಮದೇ ಕೈಯ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಮೇಲಿನ ಮತ್ತು ಕೆಳಗಿನ ಮುಂಹಲ್ಲಿನ ನಡುವೆ ತೂರಿಸಿ ನೋಡಿ. ಹೆಚ್ಚಿನವರಿಗೆ ಮೂರೂ ಹೋಗುತ್ತವೆ. ಎರಡೇ ಹೋದರೆ ಅನುಮಾನ ಪಡಬೇಕು. ಒಂದೇ ಹೋಗುತ್ತದೆ ಅಂದರೆ ಅವತ್ತೇ ಆಸ್ಪತ್ರೆ. ಸಾಮಾನ್ಯ ಟಾನ್ಸಿಲ್ ನೋವಿನಲ್ಲಿ ಬಾಯಿ ತೆರೆದರೆ ನೋಯಬಹುದು, ಆದರೆ ತೆರೆಯುತ್ತದೆ. ಇದರಲ್ಲಿ ನೀವು ಎಷ್ಟು ಮನಸ್ಸು ಮಾಡಿದರೂ ದವಡೆ ಕೆಳಕ್ಕೆ ಇಳಿಯುವುದಿಲ್ಲ.

ಇಲ್ಲಿ ನಮ್ಮ ಕಡೆಯವರಿಗೆ ಒಂದು ಮಾತು ಸೇರಿಸಲೇಬೇಕು. ಗುಟ್ಕಾ, ಅಡಿಕೆ ಬಹಳ ವರ್ಷ ಜಗಿದವರಿಗೆ ಬಾಯೊಳಗಿನ ಚರ್ಮ ಗಟ್ಟಿಯಾಗಿ, ಬಾಯಿ ಮೊದಲೇ ಎರಡು ಬೆರಳಿನಷ್ಟಕ್ಕೆ ನಿಂತಿರುತ್ತದೆ. ಅವರಿಗೆ ಬೆರಳಿನ ಲೆಕ್ಕ ಹಾಗೇ ಹಿಡಿಯುವುದಿಲ್ಲ. "ಹೋದ ವಾರ ಎಷ್ಟು ತೆರೆಯುತ್ತಿತ್ತು, ಈಗ ಎಷ್ಟು?" ಅಂತ ಕೇಳಬೇಕು. ವರ್ಷಗಳಿಂದ ನಿಧಾನವಾಗಿ ಕಮ್ಮಿಯಾದದ್ದು ಬೇರೆ, ಎರಡು ದಿನದಲ್ಲಿ ಜ್ವರದ ಜೊತೆ ಮುಚ್ಚಿಕೊಂಡದ್ದು ಬೇರೆ. ಬುದ್ಧಿಹಲ್ಲಿನ ಸುತ್ತ ಕೀವಾದರೂ ಬಾಯಿ ಬಿಗಿಯುತ್ತದೆ, ಅದರಲ್ಲಿ ನೋವು ಕೊನೆಯ ಹಲ್ಲಿನ ಹತ್ತಿರವೇ ಇರುತ್ತದೆ.

ದನಿಯ ವಿಷಯಕ್ಕೆ ಬರೋಣ. ಶೀತ ಆದಾಗ ಗಂಟಲು ಕಟ್ಟಿ ದನಿ ಒಡೆಯುತ್ತದೆ ಅಲ್ವಾ? ಅದು ಸ್ವರತಂತುಗಳ ಊತ. ಈ ಕಾಯಿಲೆಯಲ್ಲಿ ಸ್ವರತಂತು ಚೆನ್ನಾಗಿಯೇ ಇರುತ್ತದೆ, ದನಿ ಒಡೆಯುವುದಿಲ್ಲ. ಮೇಲೆ ಅಂಗುಳು ಉಬ್ಬಿ ಅಲ್ಲಾಡದೆ ನಿಂತಿರುತ್ತದೆ, ನೋವಿಗೆ ಹೆದರಿ ರೋಗಿ ನಾಲಿಗೆಯನ್ನೂ ಜಾಸ್ತಿ ಅಲ್ಲಾಡಿಸುವುದಿಲ್ಲ. ಹಾಗಾಗಿ ಬಾಯಲ್ಲಿ ಬಿಸಿ ಬೋಂಡಾ ಇಟ್ಟುಕೊಂಡು ಮಾತಾಡಿದ ಹಾಗೆ ಕೇಳಿಸುತ್ತದೆ. ಮಾತು ದಪ್ಪ, ಅಕ್ಷರ ಅಸ್ಪಷ್ಟ. ಫೋನಿನಲ್ಲಿ ಮನೆಯವರಿಗೇ ಗುರುತು ಸಿಗದೆ ಹೋಗಬಹುದು. ಕಿವಿ ನೋವಿನ ಕಾರಣ ಸರಳ. ಟಾನ್ಸಿಲ್‌ಗೂ ನಡುಕಿವಿಗೂ ಒಂದೇ ನರದ ಕವಲುಗಳು ಹೋಗುತ್ತವೆ. ಕಿವಿಗೆ ಹನಿ ಹಾಕಿಕೊಂಡು ಎರಡು ದಿನ ಕಳೆಯುವವರಿದ್ದಾರೆ, ಆ ಕಿವಿಯಲ್ಲಿ ಏನೂ ಇರುವುದಿಲ್ಲ.

ಈಗ ಜನ ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ. "ಡಾಕ್ಟ್ರೇ, ಇನ್ನೊಂದು ಸ್ಟ್ರಾಂಗ್ ಮಾತ್ರೆ ಬರೆದುಕೊಡಿ, ಚುಚ್ಚೋದು ಬೇಡ." ಬೇಡ ಅನ್ನುವ ಭಯ ನನಗೆ ಅರ್ಥವಾಗುತ್ತದೆ. ಆದರೆ ಕೀವು ಒಂದು ಜಾಗದಲ್ಲಿ ಸೇರಿದ ಮೇಲೆ ಅದರ ನಡುವೆ ರಕ್ತನಾಳ ಇರುವುದಿಲ್ಲ. ಔಷಧಿ ರಕ್ತದಲ್ಲಿ ಎಷ್ಟೇ ಇದ್ದರೂ ಒಳಗೆ ಸಾಕಷ್ಟು ಇಳಿಯುವುದಿಲ್ಲ. ತೀರಾ ಚಿಕ್ಕ ಕೀವು ಔಷಧಿಯಲ್ಲೇ ಕರಗುವುದುಂಟು, ಅದನ್ನು ಡಾಕ್ಟರ ಕಣ್ಣೆದುರು ಇದ್ದುಕೊಂಡೇ ನೋಡಬೇಕು. ಬಾಯಿ ಬಿಗಿದು, ಅಂಗುಳು ಉಬ್ಬಿ, ಉಗುಳು ನುಂಗಲು ಆಗದ ಹಂತದಲ್ಲಿ ಕೀವನ್ನು ಹೊರಗೆ ತೆಗೆಯಬೇಕು.

ಮಾತ್ರೆಯ ಆಯ್ಕೆಯೂ ಮುಖ್ಯ. ಈ ಕೀವಿನಲ್ಲಿ ಒಂದೇ ಜಾತಿಯ ಬ್ಯಾಕ್ಟೀರಿಯಾ ಇರುವುದು ಕಡಿಮೆ. ಗಂಟಲಿನ ಸ್ಟ್ರೆಪ್ಟೊಕಾಕಸ್ ಜೊತೆ ಆಮ್ಲಜನಕ ಇಲ್ಲದ ಕಡೆ ಬೆಳೆಯುವ ಬೇರೆ ಬ್ಯಾಕ್ಟೀರಿಯಾಗಳೂ ಸೇರಿರುತ್ತವೆ. ಹುಡುಗರಲ್ಲಿ ಫ್ಯೂಸೊಬ್ಯಾಕ್ಟೀರಿಯಂ ಅನ್ನುವುದು ಮತ್ತೆ ಮತ್ತೆ ಸಿಗುತ್ತದೆ. ಅದರ ಮೇಲೆ ಅಜಿಥ್ರೊಮೈಸಿನ್ ಅಷ್ಟಾಗಿ ನಾಟುವುದಿಲ್ಲ. ಆದ್ದರಿಂದ ನಾವು ಪೆನಿಸಿಲಿನ್ ಜಾತಿಯ ಔಷಧಿಯನ್ನು ಮೆಟ್ರೊನಿಡಜೋಲ್ ಜೊತೆ ಕೊಡುತ್ತೇವೆ, ಇಲ್ಲವೇ ಅಮಾಕ್ಸಿಸಿಲಿನ್-ಕ್ಲಾವುಲನೇಟ್. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಸಾಮಾನ್ಯವಾಗಿ ಕ್ಲಿಂಡಾಮೈಸಿನ್. ಇದನ್ನು ನಿಮಗೆ ಹೇಳುತ್ತಿರುವುದು ಅಂಗಡಿಯಲ್ಲಿ ಕೇಳಿ ತಗೊಳ್ಳಲಿ ಅಂತಲ್ಲ. ಮೂರು ದಿನದ ಕೋರ್ಸ್ ಮುಗಿಸಿದ್ದೇನೆ, ಇನ್ನೇನು ವಾಸಿಯಾಗುತ್ತದೆ ಅಂತ ಕಾಯುತ್ತಾ ಕೂರಬಾರದು ಅಂತ.

ಮೆಡಿಕಲ್ ಶಾಪಿನಿಂದ ಬರುವ ಸ್ಟೀರಾಯ್ಡ್ ಮಾತ್ರೆಯ ಬಗ್ಗೆಯೂ ಹೇಳಬೇಕು. ಅದನ್ನು ನುಂಗಿದರೆ ಅರ್ಧ ದಿನದಲ್ಲಿ ನೋವು ಇಳಿಯುತ್ತದೆ, ಜ್ವರವೂ ಬಿಡಬಹುದು. ಒಳಗೆ ಕೀವು ಹಾಗೇ ಇರುತ್ತದೆ. ನಾವೂ ಆಸ್ಪತ್ರೆಯಲ್ಲಿ ಒಂದು ಡೋಸ್ ಡೆಕ್ಸಾಮೆಥಸೋನ್ ಕೊಡುತ್ತೇವೆ, ಅದು ಆಂಟಿಬಯಾಟಿಕ್ ಜೊತೆ, ಕೀವು ತೆಗೆಯುವ ತಯಾರಿ ಮಾಡಿಕೊಂಡು. ಮನೆಯಲ್ಲಿ ಅದೊಂದನ್ನೇ ನುಂಗಿದರೆ ಲಕ್ಷಣ ಮುಚ್ಚಿಹೋಗುತ್ತದೆ, ರೋಗಿ ಎರಡು ದಿನ ತಡವಾಗಿ ಬರುತ್ತಾನೆ. ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಏರಿ ಸೋಂಕು ಇನ್ನೂ ಬಲಿಯುತ್ತದೆ.

ಸರಿ, ಶನಿವಾರ ಬಂದ ಹುಡುಗನಿಗೆ ಏನು ಮಾಡಿದೆವು ಅಂತ ಹೇಳುತ್ತೇನೆ. ಇದನ್ನು ವಿವರವಾಗಿ ಹೇಳಲು ಕಾರಣವಿದೆ. ಏನು ಮಾಡುತ್ತಾರೆ ಅಂತ ಗೊತ್ತಿಲ್ಲದೆ ಹೆದರಿ ಓಡಿಹೋದವರನ್ನು ನೋಡಿದ್ದೇನೆ.

ಮೊದಲು ಉಸಿರಾಟ ನೋಡಿದೆವು. ಶಬ್ದ ಇರಲಿಲ್ಲ, ರಕ್ತದ ಆಮ್ಲಜನಕ ಸರಿಯಾಗಿತ್ತು. ಎರಡು ದಿನದಿಂದ ನೀರೇ ಕುಡಿದಿರಲಿಲ್ಲ, ನಾಲಿಗೆ ಒಣಗಿತ್ತು. ಕೈಗೆ ಡ್ರಿಪ್ ಹಾಕಿ, ಅದರಲ್ಲೇ ನೋವಿನ ಔಷಧಿ, ಆಂಟಿಬಯಾಟಿಕ್, ಒಂದು ಡೋಸ್ ಡೆಕ್ಸಾಮೆಥಸೋನ್ ಕೊಟ್ಟೆವು. ಬಂದಾಗ ಬಾಯಿ ಒಂದು ಬೆರಳಿನಷ್ಟು ತೆರೆಯುತ್ತಿತ್ತು. ನೋವು ಇಳಿದ ಮೇಲೆ ಒಂದೂವರೆ ಬೆರಳು. ನಮಗೆ ಬೆಳಕು ಮತ್ತು ಸೂಜಿ ಒಳಗೆ ಹೋಗಲು ಅಷ್ಟು ಸಾಕು.

ಕುರ್ಚಿಯಲ್ಲಿ ನೇರ ಕೂರಿಸುತ್ತೇವೆ, ಮಲಗಿಸುವುದಿಲ್ಲ. ಮಲಗಿದರೆ ಬಂದ ಕೀವು ಉಸಿರಿನ ದಾರಿಗೆ ಇಳಿಯಬಹುದು. ಕೈಗೆ ಒಂದು ಟ್ರೇ ಕೊಟ್ಟು, ಬಂದದ್ದನ್ನೆಲ್ಲಾ ಉಗುಳು, ನುಂಗಬೇಡ ಅನ್ನುತ್ತೇವೆ. ಜಾಗ ಮರಗಟ್ಟಲು ಲಿಗ್ನೊಕೇನ್ ಸ್ಪ್ರೇ, ಆಮೇಲೆ ಸಣ್ಣ ಸೂಜಿಯಲ್ಲಿ ಮೇಲ್ಪದರಕ್ಕೆ ಅದೇ ಔಷಧಿ. ಕೀವು ಎಳೆಯುವ ಸೂಜಿ 18 ಗೇಜ್‌ನದು, ಸ್ವಲ್ಪ ದಪ್ಪ, ಯಾಕೆಂದರೆ ಕೀವು ದಪ್ಪ. ಆ ಸೂಜಿಯ ಪ್ಲಾಸ್ಟಿಕ್ ಮುಚ್ಚಳದ ತುದಿ ಕತ್ತರಿಸಿ ಮತ್ತೆ ಸೂಜಿಗೆ ಹಾಕುತ್ತೇವೆ, ಮುಂದೆ ಒಂದು ಸೆಂಟಿಮೀಟರ್ ಮಾತ್ರ ಹೊರಗೆ ಇರುವ ಹಾಗೆ. ಟಾನ್ಸಿಲ್‌ನಿಂದ ಹಿಂದಕ್ಕೆ, ಹೊರಬದಿಗೆ ಸುಮಾರು ಎರಡೂವರೆ ಸೆಂಟಿಮೀಟರ್ ಆಚೆ ಮೆದುಳಿಗೆ ರಕ್ತ ಒಯ್ಯುವ ಕೆರೋಟಿಡ್ ರಕ್ತನಾಳ ಇದೆ. ರೋಗಿ ಬೆಚ್ಚಿ ತಲೆ ಅಲ್ಲಾಡಿಸಿದರೂ ಸೂಜಿ ಅಲ್ಲಿಗೆ ಮುಟ್ಟದಿರಲಿ ಅಂತ ಈ ಏರ್ಪಾಡು. ಮನೆಯಲ್ಲಿ ಪಿನ್ನು, ಉಗುರು ಹಾಕಿ ಒಡೆಯಲು ಹೋಗಬಾರದು ಅನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಅಂಗುಳು ಎಲ್ಲಿ ಜಾಸ್ತಿ ಉಬ್ಬಿದೆಯೋ ಅಲ್ಲಿ ಸೂಜಿಯನ್ನು ನೇರ ಹಿಂದಕ್ಕೆ ಚುಚ್ಚಿ ಸಿರಿಂಜ್ ಎಳೆದೆವು. ಹಳದಿ-ಹಸಿರು ಬಣ್ಣದ ಕೀವು ಸುಮಾರು 5 ಎಂಎಲ್ ಬಂತು, ಒಂದು ಚಮಚೆಯಷ್ಟು. ಇಷ್ಟೆಲ್ಲಾ ಕಷ್ಟ ಕೊಟ್ಟದ್ದು ಅಷ್ಟೇ. ವಾಸನೆ ಮಾತ್ರ ರೂಮಿನ ತುಂಬಾ. ಹತ್ತು ನಿಮಿಷ ಬಿಟ್ಟು ಹುಡುಗ ನೀರು ಕೇಳಿದ, ಎರಡು ಗುಟುಕು ನುಂಗಿದ. ಎರಡು ದಿನದಲ್ಲಿ ಮೊದಲ ಸಲ. ಕೀವು ಹೊರಗೆ ಬಂದ ಕೂಡಲೇ ಒತ್ತಡ ಇಳಿಯುತ್ತದೆ, ಈ ಆರಾಮ ಬೇರೆ ಯಾವ ಔಷಧಿಯಲ್ಲೂ ಇಷ್ಟು ಬೇಗ ಸಿಗುವುದಿಲ್ಲ. ಕೆಲವರಿಗೆ ಸೂಜಿಯ ಬದಲು ಚಿಕ್ಕದಾಗಿ ಕೊಯ್ದು, ಫೋರ್ಸೆಪ್ಸ್ ಹಾಕಿ ಅಗಲಿಸಿ ಕೀವು ಹರಿಯಲು ಬಿಡುತ್ತೇವೆ. ಎರಡೂ ಕೆಲಸ ಮಾಡುತ್ತವೆ. ಚಿಕ್ಕ ಮಕ್ಕಳಿಗೆ, ತಡೆದುಕೊಳ್ಳಲು ಆಗದವರಿಗೆ ಅರಿವಳಿಕೆ ಕೊಟ್ಟು ಥಿಯೇಟರ್‌ನಲ್ಲಿ ಮಾಡುತ್ತೇವೆ.

ಎಲ್ಲರಲ್ಲೂ ಕೀವು ಬರುವುದಿಲ್ಲ. ಸೂಜಿ ಹಾಕಿದರೆ ಖಾಲಿ ಬರಬಹುದು. ಆಗ ಎರಡು ಸಾಧ್ಯತೆ. ಇನ್ನೂ ಬರೀ ಊತದ ಹಂತ ಇರಬಹುದು, ಇಲ್ಲವೇ ಕೀವು ನಾವು ಚುಚ್ಚಿದ್ದಕ್ಕಿಂತ ಕೆಳಗೆ ಅಥವಾ ಹಿಂದೆ ಇರಬಹುದು. ಸೇರಿಸಿಕೊಂಡು ರಕ್ತನಾಳದ ಮೂಲಕ ಔಷಧಿ ಕೊಟ್ಟು ಒಂದು ದಿನ ನೋಡುತ್ತೇವೆ. ಸುಧಾರಿಸದಿದ್ದರೆ, ಅಥವಾ ಕತ್ತು ಹೊರಗಡೆಯೂ ಊದಿದ್ದರೆ ಸಿಟಿ ಸ್ಕ್ಯಾನ್. ಬಂದ ಕೂಡಲೇ ಎಲ್ಲರಿಗೂ ಸ್ಕ್ಯಾನ್ ಬೇಕಿಲ್ಲ. ಕಣ್ಣಿಗೆ ಕಾಣುವ ಉಬ್ಬಿಗೆ ಸೂಜಿಯೇ ಪರೀಕ್ಷೆ, ಸೂಜಿಯೇ ಚಿಕಿತ್ಸೆ.

ನಮ್ಮ ಹುಡುಗನನ್ನು ಮರುದಿನ ನೋಡಿದಾಗ ಎರಡೂವರೆ ಬೆರಳು ಹೋಗುತ್ತಿತ್ತು. ಮರುದಿನ ಕರೆಸಿ ನೋಡುವುದು ಬರೀ ಶಾಸ್ತ್ರಕ್ಕಲ್ಲ. ಕೆಲವರಿಗೆ ಅದೇ ಜಾಗದಲ್ಲಿ ಮತ್ತೆ ಕೀವು ತುಂಬುತ್ತದೆ, ಇನ್ನೊಂದು ಸಲ ಎಳೆಯಬೇಕಾಗುತ್ತದೆ. ಅವನು ಹತ್ತು ದಿನ ಮಾತ್ರೆ ಮುಗಿಸಿದ.

ತಡ ಮಾಡಿದರೆ ಏನಾಗುತ್ತದೆ ಅಂತಲೂ ಹೇಳಬೇಕು, ಹೆದರಿಸಲು ಅಲ್ಲ. ಕೀವು ನಿದ್ದೆಯಲ್ಲಿ ತಾನಾಗಿ ಒಡೆದರೆ ಶ್ವಾಸಕೋಶಕ್ಕೆ ಇಳಿಯಬಹುದು. ಗಂಟಲಿನ ಗೋಡೆ ದಾಟಿದರೆ ಕತ್ತಿನ ಆಳಕ್ಕೆ ಹೋಗಿ, ಅಲ್ಲಿಂದ ಎದೆಗೂ ಇಳಿಯುವ ದಾರಿ ಇದೆ. ಅಪರೂಪಕ್ಕೆ ಕತ್ತಿನ ದೊಡ್ಡ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ, ಸೋಂಕಿನ ಚೂರುಗಳು ಶ್ವಾಸಕೋಶಕ್ಕೆ ಹೋಗುತ್ತವೆ. ಗಂಟಲು ನೋವು ಬಂದು ಕೆಲವು ದಿನದ ಮೇಲೆ ಚಳಿ ನಡುಕದ ಜ್ವರ, ಕತ್ತಿನ ಒಂದು ಬದಿ ನೋವು, ಉಸಿರೆಳೆದರೆ ಎದೆ ನೋವು ಬಂದರೆ ಅದನ್ನು ನೆನಪಿಸಿಕೊಳ್ಳಬೇಕು.

ಉಸಿರಿನ ದಾರಿ ಎಷ್ಟು ಬೇಗ ಮುಚ್ಚಬಹುದು ಅನ್ನುವುದಕ್ಕೆ ಒಂದು ಹಳೆಯ ಉದಾಹರಣೆ ಇದೆ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1799ರ ಡಿಸೆಂಬರ್ 13ರಂದು ಗಂಟಲು ನೋವು ಅಂದರು, 14ರ ರಾತ್ರಿ ತೀರಿಕೊಂಡರು. ಡಾಕ್ಟರುಗಳು ಮತ್ತೆ ಮತ್ತೆ ರಕ್ತ ತೆಗೆದರು, ಆಗಿನ ಚಿಕಿತ್ಸೆ ಅದು. ಮೂವರಲ್ಲಿ ಚಿಕ್ಕವರಾದ ಎಲೈಶಾ ಡಿಕ್ ಉಸಿರುನಾಳಕ್ಕೆ ತೂತು ಮಾಡೋಣ ಅಂದರು, ಉಳಿದವರು ಒಪ್ಪಲಿಲ್ಲ. ಟಾನ್ಸಿಲ್ ಪಕ್ಕದ ಕೀವು ಅಂತ ಹೇಳಿದವರೂ ಇದ್ದಾರೆ. ಈಗ ಹೆಚ್ಚಿನವರು ಒಪ್ಪುವುದು ಎಪಿಗ್ಲಾಟಿಸ್ ಅನ್ನುವ ಮುಚ್ಚಳದ ಊತ ಅಂತ. ಉಸಿರುದಾರಿಯ ಬಾಯಲ್ಲೇ ಇರುವ ಭಾಗ ಅದು. ಆ ಕಾಯಿಲೆಯಲ್ಲೂ ದನಿ ದಪ್ಪವಾಗುತ್ತದೆ, ಜೊಲ್ಲು ಸುರಿಯುತ್ತದೆ. ಆದರೆ ಬಾಯಿ ತೆರೆಯುತ್ತದೆ, ಟಾರ್ಚ್ ಹಾಕಿ ನೋಡಿದರೆ ಗಂಟಲು ಹೆಚ್ಚುಕಮ್ಮಿ ಸರಿಯಾಗೇ ಕಾಣುತ್ತದೆ. ನೋವು ವಿಪರೀತ, ಗಂಟಲಲ್ಲಿ ಏನೂ ಕಾಣುತ್ತಿಲ್ಲ ಅಂದರೆ ಸಮಾಧಾನ ಪಡಬೇಡಿ.

ಉಸಿರೆಳೆಯುವಾಗ ಶಬ್ದ, ಮಲಗಲು ಆಗದೆ ಮುಂದೆ ಬಾಗಿ ಕೂರುವುದು, ನಾಲಿಗೆಯ ಕೆಳಗೆ ಅಥವಾ ಕತ್ತಿನ ಹೊರಗೆ ಊತ, ಕತ್ತು ತಿರುಗಿಸಲು ಆಗದಿರುವುದು. ಇವುಗಳಲ್ಲಿ ಒಂದು ಇದ್ದರೂ ಕ್ಲಿನಿಕ್ ಹುಡುಕುತ್ತಾ ಕೂರದೆ 108ಕ್ಕೆ ಫೋನ್ ಮಾಡಿ. ಕೂತುಕೊಂಡೇ ಹೋಗಲಿ, ಬಲವಂತವಾಗಿ ಮಲಗಿಸಬೇಡಿ. ಚಮಚ ಹಾಕಿ ಗಂಟಲು ನೋಡಲು ಹೋಗಬೇಡಿ. ಇವು ಯಾವುವೂ ಇಲ್ಲ, ಬರೀ ಬಾಯಿ ಬಿಗಿದಿದೆ ಅಂದರೆ ಇಎನ್‌ಟಿ ಡಾಕ್ಟರು ಇರುವ ಆಸ್ಪತ್ರೆಗೆ ಅವತ್ತೇ ಹೋಗಿ. ನಿಮ್ಮ ತಾಲ್ಲೂಕಿನಲ್ಲಿ ಇಎನ್‌ಟಿ ಇಲ್ಲದಿದ್ದರೆ ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜು ಆಸ್ಪತ್ರೆ.

ಮಾತು ಮುಗಿದ ಮೇಲೆ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಸೇರಿಸಿದ್ದೇನೆ.

ಒಬ್ಬ ಅಜ್ಜಿ ಕೇಳಿದರು: "ನಮ್ಮ ಕಡೆ ಕಿರುನಾಲಿಗೆ ಬಿದ್ದಿದೆ ಅಂತ ಬೆರಳಿಗೆ ಉಪ್ಪು ಮೆಣಸು ಹಚ್ಚಿ ಎತ್ತುತ್ತಾರೆ. ಅದು ಸರಿಯಾ?" ಅಜ್ಜಿ, ಈ ಕಾಯಿಲೆಯಲ್ಲಿ ಕಿರುನಾಲಿಗೆ ಬಿದ್ದಿರುವುದಿಲ್ಲ, ಪಕ್ಕದ ಕೀವು ಅದನ್ನು ತಳ್ಳಿರುತ್ತದೆ. ಬೆರಳಿಟ್ಟು ಒತ್ತಿದರೆ ಕೀವು ಒಡೆದು ಉಸಿರಿನ ಕಡೆ ಹೋಗಬಹುದು. ದಯವಿಟ್ಟು ಮಾಡಿಸಬೇಡಿ, ಮಾಡುವವರಿಗೂ ಹೇಳಿ.

"ಒಂದು ಸಲ ಬಂದರೆ ಟಾನ್ಸಿಲ್ ತೆಗೆಸಲೇಬೇಕಾ?" ಬೇಕಿಲ್ಲ. ಹೆಚ್ಚಿನವರಿಗೆ ಇದು ಮತ್ತೆ ಬರುವುದಿಲ್ಲ. ಎರಡನೇ ಸಲ ಬಂದರೆ, ಅಥವಾ ಮೊದಲಿಂದಲೂ ವರ್ಷಕ್ಕೆ ಹಲವು ಸಲ ಟಾನ್ಸಿಲ್ ಸೋಂಕು ಆಗುತ್ತಿದ್ದರೆ ತೆಗೆಸುವ ಮಾತಾಡುತ್ತೇವೆ. ಸಾಮಾನ್ಯವಾಗಿ ಊತವೆಲ್ಲ ಇಳಿಯಲು ಕೆಲವು ವಾರ ಬಿಟ್ಟು. ಸಿಗರೇಟು ಸೇದುವವರಲ್ಲಿ ಈ ಕೀವು ಜಾಸ್ತಿ, ಅದನ್ನು ಬಿಡುವುದು ಆಪರೇಷನ್‌ಗಿಂತ ಮೊದಲ ಕೆಲಸ.

ಹಿಂದಿನ ಸಾಲಿನಿಂದ ಒಬ್ಬರು: "ನನಗೆ ಅರವತ್ತು. ಎರಡು ತಿಂಗಳಿಂದ ಒಂದೇ ಕಡೆ ಗಂಟಲು ನೋವು, ಜ್ವರ ಇಲ್ಲ. ಇದೂ ಅದೇನಾ ಸಾರ್?" ಅಲ್ಲ ಅನ್ನಿಸುತ್ತದೆ. ಕೀವು ತಿಂಗಳುಗಟ್ಟಲೆ ಸುಮ್ಮನೆ ಕೂರುವುದಿಲ್ಲ, ದಿನಗಳಲ್ಲಿ ಏರುತ್ತದೆ. ಜ್ವರವಿಲ್ಲದೆ ಒಂದೇ ಬದಿಯ ಟಾನ್ಸಿಲ್ ದಪ್ಪವಾಗಿದ್ದರೆ, ಅದರಲ್ಲೂ ಹೊಗೆಸೊಪ್ಪಿನ ಅಭ್ಯಾಸ ಇದ್ದರೆ, ಕ್ಯಾನ್ಸರ್ ಗಡ್ಡೆ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಚಿಕ್ಕ ತುಂಡು ತೆಗೆದು ಪರೀಕ್ಷೆಗೆ ಕಳಿಸಬೇಕಾಗಬಹುದು. ಈ ವಾರವೇ ತೋರಿಸಿ.

ಕೊನೆಯದು ಒಬ್ಬ ತಾಯಿಯ ಪ್ರಶ್ನೆ: "ಕೀವು ತೆಗೆಸಿಕೊಂಡು ಬಂದ ಮಗನಿಗೆ ಏನು ಕೊಡಲಿ? ಮನೆಯಲ್ಲಿ ಚಿಕ್ಕವರಿದ್ದಾರೆ, ಅವರಿಗೆ ಅಂಟುತ್ತದಾ?" ಕೀವಿನ ಗಡ್ಡೆ ಅಂಟುವುದಿಲ್ಲ ಅಮ್ಮ. ಅದಕ್ಕೆ ಕಾರಣವಾದ ಗಂಟಲಿನ ಸೋಂಕು ಅಂಟಬಹುದು. ಆಂಟಿಬಯಾಟಿಕ್ ಶುರುವಾದ ಮೊದಲ ಒಂದೆರಡು ದಿನ ಅವನ ಲೋಟ, ತಟ್ಟೆ, ಟವೆಲ್ ಬೇರೆ ಇಡಿ. ಊಟಕ್ಕೆ ಉಗುರುಬೆಚ್ಚಗಿನ ಗಂಜಿ, ಮಜ್ಜಿಗೆ, ಮೆತ್ತಗೆ ಕಲಸಿದ ಮೊಸರನ್ನ. ತಣ್ಣಗಿದ್ದರೂ ತೊಂದರೆಯಿಲ್ಲ, ಖಾರ ಬೇಡ. ಊಟ ಆದ ಮೇಲೆಲ್ಲಾ ಉಪ್ಪುನೀರು ಮುಕ್ಕಳಿಸಲಿ. ಬಾಯಿ ಮತ್ತೆ ಬಿಗಿಯಲು ಶುರುವಾದರೆ, ಜ್ವರ ಬಂದರೆ, ನೀರು ನುಂಗಲು ಆಗದಿದ್ದರೆ ಅಪಾಯಿಂಟ್‌ಮೆಂಟ್ ದಿನದವರೆಗೆ ಕಾಯದೆ ವಾಪಸ್ ಕರೆದುಕೊಂಡು ಬನ್ನಿ.